ಟಿಪ್ಪುವಿನ ಕಾಲದ್ದಲ್ಲದ ಬಾಟಲಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಹೈದರಾಲಿಯ ಪಾಠ ಬಂದಾಗ, ಅವನು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದವನೆಂದು ಹೇಳಿ, ಮನೆಯಿಂದ ತಂದ ಒಂದು ತಿಳಿಹಸಿರು ಗಾಜಿನ ಬಾಟಲಿಯನ್ನು ಮೇಜಿನ ಮೇಲೆ ಇಡುತ್ತಿದ್ದೆ. "ಇದು ಟಿಪ್ಪುವಿನ ಕಾಲದ್ದು" ಎನ್ನುತ್ತಿದ್ದೆ. ನಮ್ಮ ಅಜ್ಜಿ ಅದರಲ್ಲಿ ಹರಳೆಣ್ಣೆ ಇಡುತ್ತಿದ್ದರು. ಆ ಮಾತನ್ನು ಹೇಳಿದವರೂ ಅವರೇ. ಗಾಜಿನೊಳಗೆ ಗುಳ್ಳೆಗಳಿದ್ದವು, ಮೈ ಕೊಂಚ ವಾಲಿತ್ತು. ನನಗೆ ಅಷ್ಟೇ ಸಾಕ್ಷಿ ಸಾಕಾಗಿತ್ತು. ನಾನು ಹೇಳಿದ್ದು ತಪ್ಪು. ಅದನ್ನು ತಿದ್ದುವುದಕ್ಕಾಗಿಯೇ ಈ ಬರಹ.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಆ ಬಾಟಲಿಯ ಮೇಲೆ ಉಗುರು ಎಳೆಯುತ್ತಾ, "ತಾತ, ಈ ಗೆರೆ ಬಾಯಿಯವರೆಗೂ ಯಾಕೆ ಹೋಗಿಲ್ಲ?" ಎಂದು ಕೇಳಿದಳು. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದರೂ ನಾನು ಆ ಗೆರೆಯನ್ನು ಗಮನಿಸಿರಲಿಲ್ಲ.

ಕೈಕೆಲಸದ ಕಾಲದಲ್ಲಿ ಕುಶಲಕರ್ಮಿಯು ಕರಗಿದ ಗಾಜಿನ ಮುದ್ದೆಯನ್ನು ಊದುಕೊಳವೆಯ ತುದಿಗೆ ಸುತ್ತಿಕೊಂಡು ಊದುತ್ತಿದ್ದನು. ಎರಡು ಹೋಳುಗಳ ಅಚ್ಚಿನೊಳಗೆ ಊದಿದರೆ, ಹೋಳುಗಳು ಕೂಡುವ ಸಂದಿನಲ್ಲಿ ಗಾಜು ತುಸು ಉಬ್ಬಿ, ಎರಡು ಪಕ್ಕಗಳಲ್ಲಿ ನಿಲುಗೆರೆ ಮೂಡುತ್ತಿತ್ತು. ಅನಂತರ ಬಾಟಲಿಯನ್ನು ಕೊಳವೆಯಿಂದ ಬೇರ್ಪಡಿಸಬೇಕು. ಆಗ ಬಾಯಿ ಒರಟಾಗಿ ಉಳಿಯುತ್ತದೆ. ಅದನ್ನು ಮತ್ತೆ ಕಾಯಿಸಿ ರೂಪಿಸಬೇಕು. ಆದರೆ ಕೆಂಪಗೆ ಕಾದ ಬಾಟಲಿಯನ್ನು ಹಿಡಿಯುವುದೆಲ್ಲಿ? ಇದಕ್ಕೆಂದೇ ಪಾಂಟಿಲ್ ಎಂಬ ಕಬ್ಬಿಣದ ಸಲಾಕೆಯ ತುದಿಗೆ ಸ್ವಲ್ಪ ಬಿಸಿ ಗಾಜನ್ನು ಹಚ್ಚಿ ತಳದ ನಡುವೆ ಅಂಟಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಸಲಾಕೆಯನ್ನು ತಟ್ಟಿ ಬಿಡಿಸಿದರೆ ತಳದಲ್ಲಿ ಒರಟಾದ ಗಾಯ ಉಳಿಯುತ್ತಿತ್ತು. ಅದೇ ಪಾಂಟಿಲ್ ಗುರುತು. ಬೆರಳಾಡಿಸಿದರೆ ಚುಚ್ಚುವಷ್ಟು ಚೂಪಾಗಿರುವುದೂ ಉಂಟು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪಶ್ಚಿಮದ ಕಾರ್ಖಾನೆಗಳು ಸಲಾಕೆಯ ಬದಲಿಗೆ ಬಾಟಲಿಯ ಮೈಯನ್ನೇ ತಬ್ಬಿ ಹಿಡಿಯುವ ಇಕ್ಕಳವನ್ನು ಬಳಸತೊಡಗಿದವು. ತಳದ ಗಾಯ ಕ್ರಮೇಣ ಮಾಯವಾಯಿತು. ಬಾಯಿಯನ್ನು ಮಾತ್ರ ಇನ್ನೂ ಕೈಯಿಂದಲೇ, ತಿರುಗುವ ಉಪಕರಣದಿಂದ ರೂಪಿಸುತ್ತಿದ್ದರು. ಆ ತಿರುಗುವಿಕೆಯು ಕತ್ತಿನ ಮೇಲ್ಭಾಗದ ನಿಲುಗೆರೆಯನ್ನು ಅಳಿಸಿ, ಸಣ್ಣ ಅಡ್ಡ ಉಂಗುರಗಳನ್ನು ಬಿಡುತ್ತಿತ್ತು.

1903ರಲ್ಲಿ ಅಮೆರಿಕದ ಮೈಕೇಲ್ ಓವೆನ್ಸ್ ಪೂರ್ಣ ಸ್ವಯಂಚಾಲಿತ ಯಂತ್ರವನ್ನು ರೂಪಿಸಿದ ಮೇಲೆ ಕ್ರಮವೇ ತಲೆಕೆಳಗಾಯಿತು. ಯಂತ್ರವು ಮೊದಲು ಬಾಯಿಯನ್ನು ಅಚ್ಚಿನಲ್ಲಿ ರೂಪಿಸಿ, ಆಮೇಲೆ ಮೈಯನ್ನು ಊದುತ್ತದೆ. ಬಾಯಿಯೂ ಅಚ್ಚಿನಲ್ಲೇ ಆಗುವುದರಿಂದ ನಿಲುಗೆರೆ ತುಟಿಯವರೆಗೂ ಸಾಗುತ್ತದೆ. ಮನೆಯಲ್ಲಿರುವ ಯಾವುದಾದರೂ ಗಾಜಿನ ಔಷಧದ ಬಾಟಲಿಯ ಮೇಲೆ ಉಗುರು ಎಳೆದು ನೋಡಿದರೆ ಇದು ತಿಳಿಯುತ್ತದೆ.

ಈಗ ನಮ್ಮ ಬಾಟಲಿಗೆ ಬರೋಣ. ಗೆರೆ ತಳದ ಬಳಿಯಿಂದ ಹೊರಟು, ತುಟಿಗಿಂತ ಒಂದು ಬೆರಳಿನಷ್ಟು ಕೆಳಗೆ ಅಳಿದುಹೋಗಿದೆ. ಅಲ್ಲಿಂದ ಮೇಲಕ್ಕೆ, ಬೆಳಕಿಗೆ ಹಿಡಿದರೆ, ಅಡ್ಡ ಉಂಗುರಗಳು ಕಾಣುತ್ತವೆ. ಆದ್ದರಿಂದ ಇದು ಯಂತ್ರದ್ದಲ್ಲ. ತಳವೋ ನುಣುಪಾಗಿದೆ, ಗಾಯವಿಲ್ಲ. 1799ರಲ್ಲಿ ಟಿಪ್ಪು ಮಡಿದಾಗ ಆ ಇಕ್ಕಳ ಬಳಕೆಗೇ ಬಂದಿರಲಿಲ್ಲ. ಅವನ ಕಾಲದ್ದಾದರೆ ತಳದಲ್ಲಿ ಗಾಯವಿರಬೇಕಿತ್ತು. ಹಾಗಾಗಿ ಇದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದೋ ಇಪ್ಪತ್ತನೆಯದರ ಆರಂಭದ್ದೋ ಇರಬೇಕು. ಗುಳ್ಳೆಗಳೂ ವಾಲಿದ ಮೈಯೂ ಆ ಕಾಲಕ್ಕೂ ಸಹಜವೇ.

ಇಲ್ಲಿ ಎಚ್ಚರವೂ ಬೇಕು. ಗೆರೆಯಿಲ್ಲದ ಬಾಟಲಿಯೆಲ್ಲ ಅಚ್ಚಿಲ್ಲದೆ ಊದಿದ್ದಲ್ಲ. ಅಚ್ಚಿನೊಳಗೆ ತಿರುಗಿಸುತ್ತಾ ಊದಿದರೆ ಗೆರೆ ತಾನೇ ಅಳಿಯುತ್ತದೆ. ಓವೆನ್ಸ್ ಯಂತ್ರದ ಬಾಟಲಿಗಳ ತಳದಲ್ಲಿಯೂ ಒಂದು ವೃತ್ತಾಕಾರದ ಗುರುತಿದ್ದು, ಅದನ್ನು ಪಾಂಟಿಲ್ ಎಂದು ಭ್ರಮಿಸುವವರಿದ್ದಾರೆ. ಅದು ಕೂದಲೆಳೆಯಂತಹ ಗೆರೆ, ಬಹಳಷ್ಟು ಸಲ ನಡುವಿನಿಂದ ಸರಿದಿರುತ್ತದೆ. ಮುರಿದ ಗಾಜಿನ ಒರಟುತನ ಅದಕ್ಕಿಲ್ಲ. ಇನ್ನು, ನಮ್ಮ ದೇಶದಲ್ಲಿ ಕೈಯಿಂದ ಊದುವ ಕೆಲಸ ಯಂತ್ರ ಬಂದ ಮೇಲೂ ನಿಲ್ಲಲಿಲ್ಲವಾದ್ದರಿಂದ, ಪಾಂಟಿಲ್ ಗುರುತೊಂದೇ ಇದ್ದ ಮಾತ್ರಕ್ಕೆ ಪ್ರಾಚೀನವೆನ್ನಲಾಗದು.

ಹಾಗಾದರೆ ಈ ಬಾಟಲಿ ನಮ್ಮ ಮನೆಗೆ ಬಂದದ್ದು ಹೇಗೆ? ನಮ್ಮ ತಾತ ಮಾವಿನ ಕಾಲದಲ್ಲಿ ಗಾಡಿ ಕಟ್ಟಿಕೊಂಡು ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಗೆ ಹೋಗಿ ಹಣ್ಣು ಮಾರಿ, ಬರುವಾಗ ಖಾಲಿ ಬಾಟಲಿಗಳನ್ನು ತರುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. 1880ರ ದಶಕದಿಂದ ಅಲ್ಲಿ ಆಂಗ್ಲರ ವಸತಿ ಬೆಳೆಯಿತು; ಬಾಟಲಿಯ ಕಾಲ ಅದಕ್ಕೆ ಹೊಂದುತ್ತದೆ. ಅಪ್ಪನ ಆ ಮಾತನ್ನು ಬದಿಗಿಟ್ಟು ಅಜ್ಜಿಯ ಮಾತನ್ನು ಹಿಡಿದೆ, ಏಕೆಂದರೆ ಅದು ಪಾಠಕ್ಕೆ ರಂಗು ಕೊಡುತ್ತಿತ್ತು.

ಬಾಟಲಿ ಈಗಲೂ ಕಪಾಟಿನಲ್ಲಿದೆ. ಊರಿಗೆ ಬಂದಾಗ ಬನ್ನಿ, ನಾನು ಹೇಳಿದ್ದನ್ನು ನಂಬದೆ ಉಗುರಿನಿಂದ ನೀವೇ ಪರೀಕ್ಷಿಸಿ.