ಫೋನ್ ಅಂದ ಮಾಡಿಕೊಳ್ಳಿ, ಸ್ಲೋ ಮಾಡ್ಕೋಬೇಡಿ: ವಾಲ್‌ಪೇಪರ್, ಥೀಮ್, ಐಕಾನ್ ಬದಲಿಸುವವರು ತಿಳಿದಿರಬೇಕಾದ್ದು

ಅಂಗಡಿಯಲ್ಲಿ ಗಿರಾಕಿ ಕಾಯ್ತಾ ಇರ್ತಾರೆ. ಹೋಮ್ ಬಟನ್ ಒತ್ತಿದರೆ ಪರದೆ ಖಾಲಿ. ಎರಡು ಮೂರು ಸೆಕೆಂಡ್ ಆದ ಮೇಲೆ ಐಕಾನ್‌ಗಳು ಒಂದೊಂದಾಗಿ ಬರ್ತವೆ, ನಡುವೆ ಒಂದು ಜಾಹೀರಾತು ಬೇರೆ. ಫೋನ್ ಹಳೇದಾಯ್ತು ಅಂತ ಹೊಸದಕ್ಕೆ ಹೋಗುವ ಮೊದಲು ಒಂದು ವಿಷಯ ನೋಡಿಕೊಳ್ಳಿ: ಅಂದಕ್ಕೆ ಅಂತ ಯಾವ್ಯಾವ ಆ್ಯಪ್ ಹಾಕಿದ್ದೀರಿ? 3 ಅಥವಾ 4 ಜಿಬಿ ರ‍್ಯಾಮ್ ಇರುವ ಫೋನ್‌ಗಳಲ್ಲಿ ಇಂಥ ತೊಂದರೆಗೆ ಹಲವು ಸಲ ಅವೇ ಕಾರಣ.

ಯಾವುದು ಹಗುರ, ಯಾವುದು ಭಾರ

ಸಾದಾ ಫೋಟೊ ವಾಲ್‌ಪೇಪರ್‌ನಿಂದ ಫೋನ್ ಸ್ಲೋ ಆಗಲ್ಲ. ಕಡಿಮೆ ಬೆಲೆಯ ಹಲವು ಫೋನ್‌ಗಳ ಪರದೆ 720 x 1600 ಚುಕ್ಕಿಗಳದ್ದು. ಆ ಅಳತೆಯ ಒಂದು ಚಿತ್ರ ಮೆಮೊರಿಯಲ್ಲಿ ಸುಮಾರು ನಾಲ್ಕೂವರೆ ಎಂಬಿ ಜಾಗ ತಗೊಳ್ಳುತ್ತೆ. 4 ಜಿಬಿ ರ‍್ಯಾಮ್‌ನ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಲೈವ್ ವಾಲ್‌ಪೇಪರ್ ಹಾಗಲ್ಲ. ನೀರು ಹರಿಯೋದು, ಹೂವು ಉದುರೋದು ಕಾಣಬೇಕಾದರೆ ಹೋಮ್ ಸ್ಕ್ರೀನ್ ತೆರೆದಿರುವಷ್ಟು ಹೊತ್ತೂ ಫೋನ್ ಚಿತ್ರವನ್ನು ಮತ್ತೆ ಮತ್ತೆ ಬಿಡಿಸುತ್ತಲೇ ಇರಬೇಕು. ಬ್ಯಾಟರಿಯೂ ಹೋಗುತ್ತೆ, ಬೇರೆ ಕೆಲಸವೂ ನಿಧಾನ ಆಗುತ್ತೆ. ಇನ್ನು ಕಪ್ಪು ವಾಲ್‌ಪೇಪರ್ ಹಾಕಿದರೆ ಬ್ಯಾಟರಿ ಉಳಿಯುತ್ತೆ ಅನ್ನೋ ಮಾತು ಅಮೊಲೆಡ್ ಪರದೆಗೆ ಮಾತ್ರ ನಿಜ. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ಬೆಳಕು ಉರಿಯುತ್ತಲೇ ಇರುತ್ತೆ, ಹಾಗಾಗಿ ಉಳಿತಾಯ ಇಲ್ಲ.

ಐಕಾನ್ ಪ್ಯಾಕ್ ಅಂದರೆ ಬರೀ ಚಿತ್ರಗಳ ಕಟ್ಟು. ಅದೇ ಭಾರ ಅಲ್ಲ. ಆದರೆ ಎಷ್ಟೋ ಫೋನ್‌ಗಳು ಹೊರಗಿನ ಐಕಾನ್ ಪ್ಯಾಕ್ ಒಪ್ಪಲ್ಲ. ಆಗ ಜನ ಬೇರೆ ಲಾಂಚರ್ ಹಾಕ್ತಾರೆ. ಲಾಂಚರ್ ಅಂದರೆ ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್. ಸಮಸ್ಯೆ ಶುರುವಾಗೋದು ಇಲ್ಲಿ. ರ‍್ಯಾಮ್ ಕಡಿಮೆ ಇದ್ದಾಗ, ದೊಡ್ಡ ಆ್ಯಪ್ ತೆರೆದ ಕೂಡಲೇ ಫೋನ್ ಜಾಗ ಮಾಡಿಕೊಳ್ಳಲು ಹಿಂದಿರುವ ಲಾಂಚರನ್ನೇ ಮುಚ್ಚಿಬಿಡಬಹುದು. ಹೋಮ್‌ಗೆ ವಾಪಸ್ ಬಂದಾಗ ಅದು ಮೊದಲಿಂದ ಶುರುವಾಗಬೇಕು. ಖಾಲಿ ಪರದೆ, ಆಮೇಲೆ ಒಂದೊಂದೇ ಐಕಾನ್ ಬರೋದು ಇದೇ ಕಾರಣಕ್ಕೆ.

ಅಂಗಡಿಯ ಫೋನ್ ಒಂದರ ಲೆಕ್ಕ

ಕಿರಾಣಿ ಅಂಗಡಿಯ 4 ಜಿಬಿ ರ‍್ಯಾಮ್‌ನ ಫೋನ್ ಒಂದನ್ನು ಉದಾಹರಣೆಗೆ ತಗೊಳ್ಳಿ. ಅದರಲ್ಲಿ ದೇವರ ಲೈವ್ ವಾಲ್‌ಪೇಪರ್ ಇದೆ, ಹೊರಗಿನ ಲಾಂಚರ್ ಇದೆ, ಒಂದು ಥೀಮ್ ಆ್ಯಪ್ ಇದೆ. ಐದು ಪುಟ ಐಕಾನ್ ತುಂಬಿವೆ. ಇದನ್ನು ಸರಿ ಮಾಡೋದು ಹೀಗೆ.

ಮೊದಲು ಫೋನಿನ ಸ್ವಂತ ಲಾಂಚರ್‌ಗೆ ವಾಪಸ್ ಬನ್ನಿ. Settings > Apps > Default apps > Home app ಒಳಗೆ ಹೋಗಿ, ಫೋನ್ ಜತೆಗೇ ಬಂದ ಲಾಂಚರ್ ಆರಿಸಿ. ಕಂಪನಿಯಿಂದ ಕಂಪನಿಗೆ ಈ ಹೆಸರುಗಳು ಸ್ವಲ್ಪ ಬೇರೆ ಇರಬಹುದು. ಆಮೇಲೆ ಹೊರಗಿನ ಲಾಂಚರ್ ಮತ್ತು ಥೀಮ್ ಆ್ಯಪ್ ಎರಡನ್ನೂ ತೆಗೆದುಹಾಕಿ.

ನಂತರ ಫೋಟೊ. ಗ್ಯಾಲರಿಯಿಂದ ಚಿತ್ರ ಆರಿಸಿ ವಾಲ್‌ಪೇಪರ್ ಮಾಡುವಾಗ Home screen, Lock screen ಅಂತ ಕೇಳುತ್ತೆ. ಮನೆದೇವರ ಫೋಟೊ, ಮಕ್ಕಳ ಫೋಟೊ ಲಾಕ್ ಸ್ಕ್ರೀನ್‌ಗೆ ಹಾಕಿ, ಅಲ್ಲಿ ಮುಖ ಪೂರ್ತಿ ಕಾಣುತ್ತೆ. ಹೋಮ್ ಸ್ಕ್ರೀನ್‌ಗೆ ಒಂದೇ ಬಣ್ಣದ, ಗೆರೆ ಚಿತ್ತಾರ ಕಡಿಮೆ ಇರುವ ಚಿತ್ರ ಸಾಕು. ಅಲ್ಲಿ ಹೇಗಿದ್ದರೂ ಐಕಾನ್‌ಗಳು ಮುಖ ಮುಚ್ಚುತ್ತವೆ, ಗಿಜಿಗಿಜಿ ಚಿತ್ರದ ಮೇಲೆ ಆ್ಯಪ್ ಹೆಸರು ಓದೋಕೂ ಆಗಲ್ಲ.

ಮೂರನೆಯದು ಐಕಾನ್‌ಗಳ ಜಾಗ. ಕೆಳಗಿನ ಸಾಲಿನಲ್ಲಿ ದಿನಕ್ಕೆ ಹತ್ತಾರು ಸಲ ಬೇಕಾದ ನಾಲ್ಕು ಮಾತ್ರ ಇರಲಿ: ಕರೆ, ವಾಟ್ಸಾಪ್, ಯುಪಿಐ, ಕ್ಯಾಮೆರಾ. ಬ್ಯಾಂಕ್, ಜಿಎಸ್‌ಟಿ, ಹೋಲ್‌ಸೇಲ್ ಆರ್ಡರ್ ಆ್ಯಪ್‌ಗಳನ್ನು ಒಂದರ ಮೇಲೊಂದು ಎಳೆದು ಬಿಟ್ಟರೆ ಫೋಲ್ಡರ್ ಆಗುತ್ತೆ, ಅದಕ್ಕೆ ‘ಅಂಗಡಿ’ ಅಂತ ಹೆಸರಿಡಿ. ಉಳಿದವನ್ನು ಹೋಮ್ ಸ್ಕ್ರೀನ್‌ನಿಂದ ತೆಗೀರಿ. ಆದರೆ ತೆಗೆಯುವಾಗ Remove ಯಾವುದು, Uninstall ಯಾವುದು ಅಂತ ನೋಡಿ ಬಿಡಿ. ಮೇಲಕ್ಕೆ ಸರಿಸಿದರೆ ಎಲ್ಲಾ ಆ್ಯಪ್‌ಗಳ ಪಟ್ಟಿ ಬರದ ಫೋನ್‌ಗಳಲ್ಲಿ ಐಕಾನ್ ತೆಗೆದರೆ ಆ್ಯಪೇ ಹೋಗುತ್ತೆ. ಹೋಗಿದ್ದು ಯುಪಿಐ ಆ್ಯಪ್ ಆಗಿದ್ದರೆ ಮತ್ತೆ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ನೋಂದಾಯಿಸಬೇಕು. ಅಂಥ ಫೋನ್‌ಗಳಲ್ಲಿ ಫೋಲ್ಡರ್ ಮಾಡೋದಷ್ಟೇ ದಾರಿ.

ಹೊಸ ಐಕಾನ್ ಬೇಕೇ ಬೇಕು ಅಂದ್ರೆ

ಫೋನಿನ ಒಳಗೇ ಇರುವ Themes ಅಥವಾ Wallpaper & style ನೋಡಿ. ಬಣ್ಣ, ಐಕಾನ್ ಆಕಾರ ಬದಲಿಸಲು ಅಲ್ಲಿ ಸಾಕಷ್ಟು ಇರುತ್ತೆ, ಅದಕ್ಕಾಗಿ ಹೊರಗಿನ ಆ್ಯಪ್ ಓಡುತ್ತಾ ಇರಬೇಕಿಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಎಲ್ಲಾ ಐಕಾನ್ ಒಂದೇ ಬಣ್ಣಕ್ಕೆ ತಂದರೆ ನೋಡೋಕೆ ಚೆಂದ, ಆದರೆ ನಾವು ಐಕಾನ್ ಗುರುತಿಸೋದು ಬಣ್ಣದಿಂದ. ನೇರಳೆ ಅಂದರೆ ಫೋನ್‌ಪೇ, ಹಸಿರು ಅಂದರೆ ವಾಟ್ಸಾಪ್ ಅಂತ ಬೆರಳಿಗೆ ರೂಢಿ ಆಗಿರುತ್ತೆ. ವ್ಯಾಪಾರದ ಫೋನ್‌ಗೆ, ಅದರಲ್ಲೂ ಮನೆಯ ಹಿರಿಯರು ಬಳಸುವ ಫೋನ್‌ಗೆ, ಮೂಲ ಬಣ್ಣವೇ ಇರಲಿ.

ತಪ್ಪು ಯಾವ ಆ್ಯಪ್‌ನದು ಅಂತ ಕಂಡುಹಿಡಿಯೋದು

ಇಷ್ಟಾದರೂ ನಿಧಾನ ಇದ್ದರೆ ಸೇಫ್ ಮೋಡ್‌ನಲ್ಲಿ ನೋಡಿ. ಹಲವು ಫೋನ್‌ಗಳಲ್ಲಿ ಪವರ್ ಬಟನ್ ಒತ್ತಿಹಿಡಿದಾಗ ಬರುವ Power off ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ Safe mode ಕೇಳುತ್ತೆ. ಅದರಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡಲ್ಲ. ಆಗ ಫೋನ್ ಚುರುಕಾಯ್ತು, ಜಾಹೀರಾತು ನಿಂತಿತು ಅಂದರೆ ತಪ್ಪು ಹಾಕಿಕೊಂಡ ಆ್ಯಪ್‌ನದು. ಫೋನ್ ರೀಸ್ಟಾರ್ಟ್ ಮಾಡಿ, ತೊಂದರೆ ಶುರುವಾದ ದಿನಗಳಲ್ಲಿ ಹಾಕಿದ್ದನ್ನು ಒಂದೊಂದಾಗಿ ತೆಗೆದು ನೋಡಿ. ಸೇಫ್ ಮೋಡ್‌ನಲ್ಲೂ ಅಷ್ಟೇ ನಿಧಾನ ಇದ್ದರೆ ಕಾರಣ ಬೇರೆ. ಸ್ಟೋರೇಜ್ ತುಂಬಿದೆಯಾ ನೋಡಿ.

ಕೆಲವು ವಾಲ್‌ಪೇಪರ್ ಆ್ಯಪ್‌ಗಳ ಐಕಾನ್ ಪರದೆಯಲ್ಲಿ ಕಾಣೋದೇ ಇಲ್ಲ. Settings > Apps ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತವೆ.

ಅನುಮತಿ ಕೇಳಿದರೆ ಎಚ್ಚರ

ವಾಲ್‌ಪೇಪರ್ ಆ್ಯಪ್‌ಗೆ ಹೆಚ್ಚೆಂದರೆ ಫೋಟೊ ನೋಡುವ ಅನುಮತಿ ಬೇಕಾಗಬಹುದು. ಅದು ಎಸ್ಸೆಮ್ಮೆಸ್, ಕಾಂಟ್ಯಾಕ್ಟ್ ಅಥವಾ Accessibility ಕೇಳಿತು ಅಂದರೆ ಕೊಡಬೇಡಿ, ತೆಗೆದುಹಾಕಿ. ಎಸ್ಸೆಮ್ಮೆಸ್ ಅನುಮತಿ ಸಿಕ್ಕ ಆ್ಯಪ್ ಬ್ಯಾಂಕಿನ ಒಟಿಪಿ ಓದಬಲ್ಲದು. Accessibility ಸಿಕ್ಕರೆ ಪರದೆಯ ಮೇಲಿನದನ್ನು ಓದಿ, ನಿಮ್ಮ ಬದಲು ತಾನೇ ಬಟನ್ ಒತ್ತಬಲ್ಲದು.

ಬಣ್ಣದ ಆಸೆ ತೋರಿಸಿ ಮೋಸ ಮಾಡೋದು ಹೊಸದಲ್ಲ. ವಾಟ್ಸಾಪ್ ಪಿಂಕ್ ಬಣ್ಣಕ್ಕೆ ತಿರುಗುತ್ತೆ ಅನ್ನುವ ಲಿಂಕ್ ಗ್ರೂಪ್‌ಗಳಲ್ಲಿ ಹರಿದಾಡಿತ್ತು. ಅದನ್ನು ಒತ್ತಿದರೆ ಫೋನ್ ಬೇರೆಯವರ ಕೈಗೆ ಹೋಗಬಹುದು ಅಂತ 2023ರಲ್ಲಿ ಮುಂಬೈ ಪೊಲೀಸರು ಎಚ್ಚರಿಕೆ ಕೊಟ್ಟಿದ್ದರು. ವಾಟ್ಸಾಪ್‌ನಲ್ಲಿ ಬರುವ .apk ಫೈಲ್ ಯಾವುದೇ ಥೀಮ್ ಹೆಸರಲ್ಲಿ ಬಂದರೂ, ಗೊತ್ತಿರುವವರೇ ಕಳಿಸಿದರೂ ಹಾಕಿಕೊಳ್ಳಬೇಡಿ.

ಈಗಾಗಲೇ ಹಾಕಿದ್ದರೆ ಮೊದಲು ಇಂಟರ್ನೆಟ್ ಆಫ್ ಮಾಡಿ, ಆ್ಯಪ್ ತೆಗೆದು, ಬೇರೆ ಫೋನ್‌ನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ದಾಖಲಿಸಿ.