ಪಾದ ನೆಲ ಬಿಟ್ಟ ಕ್ಷಣ: ಕಿರುತೆರೆಯ ಜಾದೂವಿನಲ್ಲಿ ಸಂಕಲನದ ಕೆಲಸ

1997ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಪ್ರಸಾರ ಮಾಡಿದ ‘ಡೇವಿಡ್ ಬ್ಲೇನ್: ಸ್ಟ್ರೀಟ್ ಮ್ಯಾಜಿಕ್’ ಕಾರ್ಯಕ್ರಮದಲ್ಲಿ ಜಾದೂಗಾರ ಬೀದಿಯಲ್ಲಿ ನಿಂತಲ್ಲೇ ಗಾಳಿಗೆ ಏರುತ್ತಾನೆ, ನೋಡಿದವರು ಚೀರುತ್ತ ಹಿಂದೆ ಸರಿಯುತ್ತಾರೆ. ಈ ಏರಿಕೆಯೂ ಆ ಚೀರಾಟವೂ ಒಂದೇ ಹೊತ್ತಿನವಲ್ಲ. ಎರಡು ಬೇರೆ ಪ್ರಯೋಗಗಳನ್ನು ಸಂಕಲನದ ಮೇಜಿನಲ್ಲಿ ಒಂದೇ ಘಟನೆಯಾಗಿ ಜೋಡಿಸಲಾಗಿತ್ತು.

ಬೀದಿಯ ಜನ ಕಂಡದ್ದು ಎಡ್ ಬಾಲ್ಡುಚಿ 1974ರಲ್ಲಿ ಜಾದೂಗಾರರ ಪತ್ರಿಕೆಯೊಂದರಲ್ಲಿ ವಿವರಿಸಿದ್ದ ತಂತ್ರ. ಜಾದೂಗಾರ ನಾಲ್ಕಾರು ಮಂದಿಯನ್ನು ಒತ್ತಾಗಿ ನಿಲ್ಲಿಸಿ, ತಾನು ಕೆಲವು ಹೆಜ್ಜೆ ದೂರ ಹೋಗಿ, ಅವರಿಗೆ ಓರೆಯಾಗಿ ಬೆನ್ನು ಮಾಡಿ ನಿಲ್ಲುತ್ತಾನೆ. ಆಚೆ ಬದಿಯ ಪಾದದ ತುದಿಯ ಮೇಲೆ ಮೈಭಾರ ಹಾಕಿ, ಆ ಪಾದದ ಹಿಮ್ಮಡಿಯನ್ನೂ ಈಚೆಯ ಇಡೀ ಪಾದವನ್ನೂ ಒಟ್ಟಿಗೆ ಎತ್ತುತ್ತಾನೆ. ನೆಲಕ್ಕೆ ಊರಿದ ತುದಿ ಈಚೆಯ ಪಾದದ ಮರೆಯಲ್ಲಿರುತ್ತದೆ. ಏರುವುದು ಎರಡು ಮೂರು ಅಂಗುಲ, ನಿಲ್ಲುವುದು ಕೆಲವೇ ಸೆಕೆಂಡು. ಎದುರಿಗಿದ್ದವರಿಗೆ ಅಷ್ಟೇ ಸಾಕು, ಏಕೆಂದರೆ ಮುಂದೇನು ನಡೆಯುವುದೆಂದು ಅವರಿಗೆ ಗೊತ್ತಿರುವುದಿಲ್ಲ, ಮತ್ತೊಮ್ಮೆ ನೋಡುವ ಅವಕಾಶವೂ ಇಲ್ಲ.

ಕ್ಯಾಮೆರಾದ ಮುಂದೆ ಇದು ಸೊರಗುತ್ತದೆ. ಪುಟ್ಟ ಪರದೆಯಲ್ಲಿ ಮೂರು ಅಂಗುಲ ಲೆಕ್ಕಕ್ಕೇ ಬಾರದು. ಕಾರ್ಯಕ್ರಮವನ್ನು ಮುದ್ರಿಸಿಕೊಂಡವರು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡಬಲ್ಲರು. ಆದ್ದರಿಂದ ಮನೆಯ ವೀಕ್ಷಕರಿಗೆ, ಆಧಾರದ ಸಹಾಯದಿಂದ ಇನ್ನೂ ಎತ್ತರ ಏರುವ ದೃಶ್ಯವನ್ನು ಬೇರೆಯಾಗಿ ಚಿತ್ರಿಸಿ ತೋರಿಸಲಾಯಿತು. ಅಂಥ ಏರಿಕೆಗೆ ಮೊದಲೇ ಸಿದ್ಧತೆ ಬೇಕು. ದಾರಿಹೋಕರನ್ನು ನಿಲ್ಲಿಸಿ ಅವರ ಕಣ್ಣೆದುರೇ ಮಾಡಲಾಗದು. ಒಂದರಲ್ಲಿ ನಿಜವಾದ ಬೆರಗಿತ್ತು, ಎತ್ತರವಿರಲಿಲ್ಲ. ಇನ್ನೊಂದರಲ್ಲಿ ಎತ್ತರವಿತ್ತು, ಸಾಕ್ಷಿಗಳಿರಲಿಲ್ಲ.

ನನ್ನ ದೃಷ್ಟಿಯಲ್ಲಿ ವೀಕ್ಷಕರನ್ನು ನಂಬಿಸಿದ್ದು ಏರುವ ಚಿತ್ರವಲ್ಲ, ಆ ಮುಖಗಳು. ದೃಶ್ಯವನ್ನು ಕೃತಕವಾಗಿ ಹುಟ್ಟಿಸಬಹುದೆಂದು ಎಲ್ಲರೂ ಬಲ್ಲರು. ದಾರಿಹೋಕರ ದಿಗಿಲು ನಟನೆಯಲ್ಲವೆಂಬುದನ್ನೂ ಗುರುತಿಸಬಲ್ಲರು. ಆ ದಿಗಿಲು ಪ್ರಾಮಾಣಿಕವೇ, ಆದರೆ ಅವರು ಕಾಣದ ಸಂಗತಿಗೆ ಅವರನ್ನು ಸಾಕ್ಷಿಯಾಗಿಸಲಾಗಿದೆ. ಕೈಚಳಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ, ಮತ್ತು ಅದು ಸಣ್ಣದಲ್ಲ.

1960ರಲ್ಲಿ ಸಿಬಿಎಸ್‌ನಲ್ಲಿ ಆರಂಭವಾದ ‘ದಿ ಮ್ಯಾಜಿಕ್ ಲ್ಯಾಂಡ್ ಆಫ್ ಅಲ್ಲಕಜಾಮ್’ನಲ್ಲಿ ಜಾದೂಗಾರ ಮಾರ್ಕ್ ವಿಲ್ಸನ್ ಈ ಸಾಕ್ಷ್ಯವನ್ನೇ ಕಾಪಾಡಲು ಹೊರಟಿದ್ದರು. ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿ, ಅವರಿಗೆ ಕಂಡದ್ದೇ ಮನೆಯಲ್ಲಿದ್ದವರಿಗೂ ಕಾಣಬೇಕು, ಕ್ಯಾಮೆರಾ ತಂತ್ರ ಕೂಡದು ಎಂಬ ನಿಯಮಕ್ಕೆ ಅವರು ಬದ್ಧರಾಗಿದ್ದರು.

ಇಂಥ ಜೋಡಣೆಯನ್ನು ಪತ್ತೆಹಚ್ಚಲು ಪಾದವೂ ಪ್ರೇಕ್ಷಕರ ಮುಖವೂ ಒಂದೇ ಚೌಕಟ್ಟಿನಲ್ಲಿ, ತುಂಡಾಗದೆ ಕಾಣುತ್ತವೆಯೇ ಎಂದು ಮೊದಲು ನೋಡಬೇಕು. ನಿರ್ಣಾಯಕ ಕ್ಷಣದಲ್ಲೇ ಕ್ಯಾಮೆರಾ ಕೋನ ಬದಲಾದರೆ ಬೆಳಕು, ನೆರಳು, ಬಟ್ಟೆಯ ಮಡಿಕೆ, ಹಿನ್ನೆಲೆಯ ಸದ್ದುಗಳನ್ನು ಹೋಲಿಸಬೇಕು. ಹಾಗೆಂದು ಪ್ರತಿಯೊಂದು ಕತ್ತರಿಯೂ ಮೋಸದ ಗುರುತಲ್ಲ; ದಿನವಿಡೀ ಚಿತ್ರಿಸಿದ್ದನ್ನು ಒಂದು ಗಂಟೆಗೆ ಇಳಿಸಲೇಬೇಕು. ಕತ್ತರಿ ಬೀಳದ ಶಾಟ್ ಕೂಡ ಪೂರ್ಣ ಭರವಸೆ ಕೊಡದು, ಏಕೆಂದರೆ ಚೌಕಟ್ಟಿನೊಳಗಿರುವವರೆಲ್ಲ ಮೊದಲೇ ಗೊತ್ತುಮಾಡಿದ ಸಹಾಯಕರಾಗಿದ್ದರೆ ಅದನ್ನು ಚಿತ್ರದೊಳಗಿಂದ ಕಂಡುಹಿಡಿಯುವ ದಾರಿಯಿಲ್ಲ.