ಪ್ರವೇಶ ಪುಸ್ತಿಕೆಯ ಚಿತ್ರ ಮತ್ತು ಒಂದು ಅಂಗಿ



ಕಳೆದ ವಾರ ಹಳೆಯ ಟ್ರಂಕಿನಲ್ಲಿ ಪ್ರವೇಶ ಪುಸ್ತಿಕೆಗಳ ಒಂದು ಕಟ್ಟು ಸಿಕ್ಕಿತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಾನು ಓದುತ್ತಿದ್ದ 1970ರ ದಶಕದ ಪುಸ್ತಿಕೆಯಲ್ಲಿ ಇರುವುದು ಒಂದೇ ಚಿತ್ರ, ಅದೂ ಕಟ್ಟಡದ್ದು. ಮಕ್ಕಳೊಬ್ಬರೂ ಇಲ್ಲ. ಇದಕ್ಕೆ ಕಾರಣ ಮುದ್ರಣ. ಅಚ್ಚುಮೊಳೆಯ ಕಾಲದಲ್ಲಿ ಚಿತ್ರ ಬೇಕೆಂದರೆ ಸತುವಿನ ತಗಡಿನಲ್ಲಿ ಬ್ಲಾಕ್ ಮಾಡಿಸಬೇಕಿತ್ತು. ದರ ಚದರಂಗುಲದ ಲೆಕ್ಕದಲ್ಲಿ. ಒರಟು ಕಾಗದಕ್ಕೆ ಅಂಗುಲಕ್ಕೆ ಸುಮಾರು 65 ಗೆರೆಯ ಜಾಲರಿಯೇ ಗತಿ. ಅದಕ್ಕಿಂತ ಸೂಕ್ಷ್ಮವಾದರೆ ಚುಕ್ಕಿಗಳ ನಡುವೆ ಮಸಿ ತುಂಬಿಕೊಳ್ಳುತ್ತಿತ್ತು. ಆ ಜಾಲರಿಯಲ್ಲಿ ಕಟ್ಟಡದ ಕಂಬಗಳು ಉಳಿಯುತ್ತಿದ್ದವು, ಗುಂಪಿನಲ್ಲಿ ನಿಂತ ಮಗುವಿನ ಮುಖ ಉಳಿಯುತ್ತಿರಲಿಲ್ಲ.

1990ರ ದಶಕದಲ್ಲಿ ಬಣ್ಣದ ಆಫ್‌ಸೆಟ್ ನಮ್ಮ ಕಡೆಯ ಶಾಲೆಗಳ ಕೈಗೂ ಎಟುಕಿತು. ಮಕ್ಕಳು ಪುಸ್ತಿಕೆಯೊಳಗೆ ಬಂದರು. ಆದರೆ ಪುಸ್ತಿಕೆ ಏಪ್ರಿಲಿಗೆ ಸಿದ್ಧವಾಗಬೇಕು, ಚಿತ್ರ ಫೆಬ್ರುವರಿಯಲ್ಲಿ ತೆಗೆಯಬೇಕು. ಜೂನ್ ತಿಂಗಳಲ್ಲಿ ಹೊಲಿಸಿದ ಸಮವಸ್ತ್ರ ಅಷ್ಟರಲ್ಲಿ ಮಲೆನಾಡಿನ ಮಳೆಗಾಲವನ್ನು ಕಂಡು, ಎಂಟು ತಿಂಗಳು ಒಗೆಸಿಕೊಂಡಿರುತ್ತದೆ. ಬೆಳೆಯುವ ಹುಡುಗನ ತೋಳು ಮಣಿಕಟ್ಟಿನಿಂದ ಎರಡು ಬೆರಳು ಮೇಲೆ ಹೋಗಿರುತ್ತದೆ. ಆದ್ದರಿಂದ ಪುಸ್ತಿಕೆಯಲ್ಲಿ ಎಲ್ಲ ಅಂಗಿಗಳೂ ಮಡಿಕೆಯ ಗೆರೆ ಸಹಿತ ಫಳಫಳ ಹೊಳೆದರೆ, ಅವು ಚಿತ್ರಕ್ಕೆಂದೇ ತೊಡಿಸಿದವು ಎಂದು ತಿಳಿಯಿರಿ.

ನಾನು ಕೆಲಸದಲ್ಲಿದ್ದ ಒಂದು ಶಾಲೆಯಲ್ಲಿ ಪ್ರಯೋಗಾಲಯದ ಚಿತ್ರಕ್ಕೆ ನಾಲ್ವರನ್ನು ಆರಿಸುವ ಹೊಣೆ ನನ್ನದಾಗಿತ್ತು. ಸೂಕ್ಷ್ಮದರ್ಶಕವನ್ನು ನಿಜವಾಗಿ ಬಳಸಬಲ್ಲ ಹುಡುಗನೊಬ್ಬನನ್ನು ಮುಂದೆ ನಿಲ್ಲಿಸಿದೆ. ಅವನ ಅಂಗಿ ಹಳದಿಗಟ್ಟಿತ್ತು. ಛಾಯಾಗ್ರಾಹಕರು ತಕರಾರು ತೆಗೆದರು. ನಾನೂ ಒಪ್ಪಿ ಮತ್ತೊಬ್ಬ ಹುಡುಗನ ಅಂಗಿ ತೊಡಿಸಿದೆ. ಭುಜದ ಹೊಲಿಗೆ ಅವನ ತೋಳಿನ ಮೇಲೆ ಜಾರಿ ಕುಳಿತಿತು. ಅಲ್ಲಿಯವರೆಗೆ ಮಸೂರದಲ್ಲಿ ಮುಳುಗಿದ್ದ ಮುಖ, ಆಮೇಲೆ ಅಂಗಿಯನ್ನು ಕಾಯುವ ಮುಖವಾಯಿತು. ಸಾಲದ್ದಕ್ಕೆ, ಮುಖ ಪುಟದ ಒಳಕ್ಕೆ ತಿರುಗಿರಲೆಂದು ಮುದ್ರಕರು ಫಿಲ್ಮನ್ನು ಮಗುಚಿ ಹಾಕಿದ್ದರು. ಜೇಬು, ಬ್ಯಾಡ್ಜು ಎಲ್ಲವೂ ಬಲ ಎದೆಗೆ ಹೋದವು. ಮೊದಲು ಕಂಡುಹಿಡಿದವರು ಏಳನೆಯ ತರಗತಿಯ ಮಕ್ಕಳು!

ಇದು ನಮ್ಮೂರಿನ ಚಾಳಿ ಮಾತ್ರವಲ್ಲ. 2000ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ತನ್ನ ಪ್ರವೇಶ ಪುಸ್ತಿಕೆಯ ಮುಖಪುಟದಲ್ಲಿ, ಫುಟ್ಬಾಲ್ ನೋಡುತ್ತಿದ್ದ ಬಿಳಿಯರ ಗುಂಪಿನೊಳಗೆ ಕಪ್ಪು ವರ್ಣದ ವಿದ್ಯಾರ್ಥಿಯೊಬ್ಬನ ಮುಖವನ್ನು ಅಂಟಿಸಿತ್ತು. ಆತ ಅಂಥ ಪಂದ್ಯಕ್ಕೆ ಹೋದವನೇ ಅಲ್ಲ. ಗುಟ್ಟು ಹೊರಬಿದ್ದು ವಿಶ್ವವಿದ್ಯಾಲಯ ಕ್ಷಮೆ ಕೇಳಬೇಕಾಯಿತು.

ನಮ್ಮ ಹುಡುಗನ ತಾಯಿ ಪುಸ್ತಿಕೆಯ ಒಂದು ಪ್ರತಿ ಕೇಳಲು ಶಾಲೆಗೆ ಬಂದಿದ್ದರು. ಮಗನ ಚಿತ್ರವನ್ನು ಬೆರಳಿನಿಂದ ಸವರಿ, ಸ್ವಲ್ಪ ಹೊತ್ತು ನೋಡಿ, "ಇದು ಯಾರ ಅಂಗಿ ಮೇಷ್ಟ್ರೇ?" ಎಂದರು. ನಾನು ಹಾಜರಿ ಪುಸ್ತಕ ಹುಡುಕುವವನಂತೆ ಬೀರುವಿನ ಕಡೆ ತಿರುಗಿದೆ.